ಇಡೀ ಒಬ್ಬಟ್ಟು ಸಿಗದ ಮಗು

ಮನೆಗೆ ನೆಂಟರು ಬಂದಾಗ ನಮ್ಮಪ್ಪ ಮಕ್ಕಳ ಪರಿಚಯ ಮಾಡಿಕೊಡುತ್ತಿದ್ದ ರೀತಿ ಹೀಗಿತ್ತು: “ಇವಳು ದೊಡ್ಡವಳು. ಕ್ಲಾಸಿಗೇ ಫಸ್ಟು. ಸಂಗೀತದಲ್ಲೂ ಜೂನಿಯರ್ ಪಾಸು ಮಾಡಿದಾಳೆ. ಇವನು ಚಿಕ್ಕವನು. ಮಹಾ ತುಂಟ. ಮೂಗು ನೋಡಿ, ಥೇಟ್ ಅವರ ತಾತಂದೇ.” ಆಮೇಲೆ ನನ್ನ ಕಡೆ ತಿರುಗಿ, “ಇವಳು ಮಧ್ಯದವಳು” ಎನ್ನುತ್ತಿದ್ದರು. ಅಷ್ಟಕ್ಕೇ ಮುಗಿಯಿತು. ಅಷ್ಟರಲ್ಲಿ ಅಮ್ಮ ಕಾಫಿ ತಂದಿರುತ್ತಿದ್ದಳು.

ಅಪ್ಪ ಕೆಟ್ಟವರಲ್ಲ. ಹಾಗೆ ಹೇಳಿದ್ದರಲ್ಲಿ ಸುಳ್ಳೂ ಇರಲಿಲ್ಲ. ನಾನು ಮಧ್ಯದವಳೇ. ಮೈಸೂರಿನ ಕೃಷ್ಣಮೂರ್ತಿಪುರಂನ ಬಾಡಿಗೆ ಮನೆಯಲ್ಲಿ ನನಗಿಂತ ಮೂರು ವರ್ಷ ದೊಡ್ಡ ಅಕ್ಕ, ಮೂರು ವರ್ಷ ಚಿಕ್ಕ ತಮ್ಮ. ಅಕ್ಕ ಗೆದ್ದು ತಂದ ಲೋಟ, ತಟ್ಟೆ, ಸರ್ಟಿಫಿಕೇಟುಗಳು ಗೋಡೆಯ ಗೂಡಿನಲ್ಲಿ ತುಂಬಿದ್ದವು. ತಮ್ಮ ಊಟ ಮಾಡದಿದ್ದರೆ ಇಡೀ ಮನೆ ತಟ್ಟೆ ಹಿಡಿದು ಅವನ ಹಿಂದೆ ಹೋಗುತ್ತಿತ್ತು. ಶಾಲೆಯಲ್ಲಿ ಮೇಷ್ಟರು ನನ್ನನ್ನು ಅಕ್ಕನ ಹೆಸರು ಹಿಡಿದು “ಅವಳ ತಂಗಿ” ಎಂದು ಕರೆಯುತ್ತಿದ್ದರು. ಬೀದಿಯಲ್ಲಿ ನಾನು ತಮ್ಮನ ಅಕ್ಕ. ಅಮ್ಮ ನನ್ನನ್ನು ಕರೆಯಬೇಕಾದರೆ ಮೊದಲು ಅಕ್ಕನ ಹೆಸರು ಬಾಯಿಗೆ ಬರುತ್ತಿತ್ತು, ಆಮೇಲೆ ತಮ್ಮನದು, ಕೊನೆಗೆ “ಅಯ್ಯೋ, ನಿನ್ನನ್ನೇ ಕಣೇ!” ಎನ್ನುತ್ತಿದ್ದಳು. ಅಂಥ ಮನೆಯಲ್ಲಿ ಬೆಳೆದ ಮಕ್ಕಳು ಈಗ ಇದನ್ನು ಓದುತ್ತಾ ನಗುತ್ತಿರಬಹುದು. ನಾನೂ ಈಗ ನಗುತ್ತೇನೆ. ಆಗ ನಗು ಬರುತ್ತಿರಲಿಲ್ಲ.

ಹೊಸ ಲಂಗ ಬರುತ್ತಿದ್ದದ್ದು ಅಕ್ಕನಿಗೆ. ಅದು ಅವಳಿಗೆ ಗಿಡ್ಡವಾದಾಗ ನನಗೆ. ತಮ್ಮ ಗಂಡು ಹುಡುಗ, ಲಂಗ ಅವನಿಗೆ ಹೋಗುವಂತಿಲ್ಲ. ಆದ್ದರಿಂದ ಅವನಿಗೂ ಹೊಸ ಬಟ್ಟೆಯೇ. ಅಕ್ಕನ ಲಂಗ ನನ್ನ ಮೈಗೆ ಬರುವ ಹೊತ್ತಿಗೆ ಅಂಚು ಬಿಚ್ಚಿ ಉದ್ದ ಮಾಡಿದ ಹಳೆಯ ಮಡಿಕೆಯ ಗೆರೆ ಕೆಳಗೆ ಕಾಣುತ್ತಿರುತ್ತಿತ್ತು. ಪಠ್ಯಪುಸ್ತಕದ ಮೊದಲ ಪುಟದಲ್ಲಿ ಅಕ್ಕನ ಹೆಸರು ಹೊಡೆದು ಕೆಳಗೆ ನನ್ನ ಹೆಸರು ಬರೆಯುತ್ತಿದ್ದೆ. ಒಳಗೆ ಲೆಕ್ಕಗಳ ಉತ್ತರಗಳನ್ನು ಅವಳು ಮೊದಲೇ ಬರೆದಿಟ್ಟಿರುತ್ತಿದ್ದಳು, ಎಲ್ಲವೂ ಸರಿಯಾಗಿಯೇ.

ನವರಾತ್ರಿಯಲ್ಲಿ ಗೊಂಬೆ ಕೂರಿಸುವುದು ಮೈಸೂರಿನ ಮನೆಗಳಿಗೆ ದೊಡ್ಡ ಸಂಭ್ರಮ. ನಮ್ಮಲ್ಲಿ ಪಟ್ಟದ ಗೊಂಬೆಗಳಿಗೆ, ಅಂದರೆ ರಾಜ ರಾಣಿಗೆ, ಜರಿ ಬಟ್ಟೆ ಉಡಿಸಿ ಮೇಲಿನ ಮೆಟ್ಟಿಲಲ್ಲಿ ಇಡುವ ಹಕ್ಕು ಅಕ್ಕನದು. ನೆಲದ ಮೇಲೆ ಮರಳು ಹಾಕಿ, ರಾಗಿ ಪೈರು ಬೆಳೆಸಿ, ಹುಲಿ ಆನೆಗಳನ್ನು ನಿಲ್ಲಿಸಿ ಮೃಗಾಲಯ ಮಾಡುವ ಆಟ ತಮ್ಮನದು. ಟ್ರಂಕಿನಿಂದ ಗೊಂಬೆ ತೆಗೆದು, ಹಳೆ ಸೀರೆಯ ಚೂರು ಬಿಚ್ಚಿ, ಧೂಳು ಒರೆಸಿ ಕೈಗೆ ಕೊಡುವ ಕೆಲಸ ನನ್ನದು. ಯಾವ ಚೂರಿನೊಳಗೆ ಯಾವ ಗೊಂಬೆ ಇದೆ ಎಂದು ಬಿಚ್ಚದೆಯೇ ಹೇಳಬಲ್ಲವಳು ಮನೆಯಲ್ಲಿ ನಾನೊಬ್ಬಳೇ. ಆರತಿಗೆ ಬಂದ ಹೆಂಗಸರು ರಾಜ ರಾಣಿಯನ್ನು ಹೊಗಳುತ್ತಿದ್ದರು, ಮೃಗಾಲಯ ನೋಡಿ ನಗುತ್ತಿದ್ದರು. ಕೈಗೆ ಕೊಟ್ಟವಳು ಯಾರೆಂದು ಕೇಳುವುದು ಯಾರಿಗೂ ಹೊಳೆಯುವಂಥದ್ದಲ್ಲ. ಮಧ್ಯದ ಮಗುವಿನ ಕೆಲಸ ಇಂಥದ್ದು. ಮಾಡಿದಾಗ ಕಾಣುವುದಿಲ್ಲ, ಮಾಡದಿದ್ದರೆ ಮಾತ್ರ ಕಾಣುತ್ತದೆ.

ಇಷ್ಟೇ ಆಗಿದ್ದರೆ ಬರೆಯುವ ಅಗತ್ಯವಿರಲಿಲ್ಲ. ಆದರೆ ಕಾಣದೆ ಹೋಗುವುದರಿಂದ ಒಂದು ನಿಜವಾದ ಅಪಾಯವಿದೆ. ಅದು ನನಗೆ ಹನ್ನೆರಡು ವರ್ಷವಿದ್ದಾಗ ಗೊತ್ತಾಯಿತು.

ಆಗ ನಮ್ಮಜ್ಜಿ, ಅಮ್ಮನ ತಾಯಿ, ನಮ್ಮ ಜೊತೆ ಇರಲು ಬಂದಿದ್ದಳು. ಶುಕ್ರವಾರ ಸಂಜೆ ಅವಳು ಹೂವಿಗೆಂದು ದೇವರಾಜ ಮಾರ್ಕೆಟ್ಟಿಗೆ ನಡೆದೇ ಹೋಗುತ್ತಿದ್ದಳು. ಅಕ್ಕನಿಗೆ ಸಂಗೀತದ ಪಾಠ, ತಮ್ಮನಿಗೆ ಕಾಲು ನೋವು. ಆದ್ದರಿಂದ ಚೀಲ ಹಿಡಿಯಲು ನಾನು. ಒಂದು ಶುಕ್ರವಾರ ಅರಮನೆಯ ಹತ್ತಿರ ದೊಡ್ಡ ಗಡಿಯಾರದ ಎದುರು ಬರುವಾಗ ಅಜ್ಜಿ, “ಗಂಟೆ ಎಷ್ಟಾಯ್ತು ನೋಡು ಮಗು” ಎಂದಳು. 1927ರಲ್ಲಿ ಕಟ್ಟಿದ ಆ ಗಡಿಯಾರದ ಮುಖದ ಮೇಲೆ ಅಂಕಿಗಳು ಕನ್ನಡದಲ್ಲಿವೆ. ಇಂಗ್ಲಿಷ್ ಬಾರದ ಅಜ್ಜಿಗೆ ಅದರ ಮೇಲೆ ಬಹಳ ಪ್ರೀತಿ.

ನಾನು ಮೇಲೆ ನೋಡಿ, “ಇನ್ನೂ ಹತ್ತಿರ ಹೋದ ಮೇಲೆ ಹೇಳ್ತೀನಿ ಅಜ್ಜಿ” ಎಂದೆ.

ಅಜ್ಜಿ ನಿಂತಳು. “ಇಲ್ಲಿಂದ ಮುಳ್ಳು ಕಾಣಲ್ವಾ?”

“ಅಷ್ಟು ದೂರದಿಂದ ಯಾರಿಗೆ ಕಾಣುತ್ತೆ?”

“ನನಗೆ ಕಾಣುತ್ತೆ ಕಣೇ. ಐದೂವರೆ ಆಗಿದೆ” ಎಂದಳು ಅರವತ್ತೆಂಟರ ಅಜ್ಜಿ.

ಆ ದಿನ ಹೂವು ತೆಗೆದುಕೊಂಡದ್ದು ನೆನಪಿಲ್ಲ. ದಾರಿಯುದ್ದಕ್ಕೂ ಅಜ್ಜಿ ನನ್ನನ್ನು ಪರೀಕ್ಷೆ ಮಾಡಿದ್ದು ನೆನಪಿದೆ. ಅಂಗಡಿಯ ಬೋರ್ಡು ಓದು, ಆ ಬಸ್ಸಿನ ನಂಬರು ಹೇಳು, ಮರದ ಮೇಲೆ ಎಷ್ಟು ಕಾಗೆ ಇವೆ ಎಣಿಸು ಎನ್ನುತ್ತಲೇ ಇದ್ದಳು. ಮರುದಿನ ಅಪ್ಪ ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಎರಡೂ ಕಣ್ಣಿಗೆ ಮೈನಸ್ ಎರಡೂವರೆ. “ಒಂದು ವರ್ಷದಿಂದಲಾದರೂ ಬೋರ್ಡು ಕಾಣಿಸಿರಲಾರದು” ಎಂದರು ಡಾಕ್ಟರು. ಅಪ್ಪ ನನ್ನ ಕಡೆ ತಿರುಗಿ, “ಯಾಕಮ್ಮ ಹೇಳಲಿಲ್ಲ?” ಎಂದರು.

ನನಗೆ ಹೇಳಲು ಏನೂ ಇರಲಿಲ್ಲ. ಬೇರೆಯವರಿಗೆ ಬೋರ್ಡು ಕಾಣುತ್ತದೆ ಎಂಬುದೇ ನನಗೆ ಗೊತ್ತಿರಲಿಲ್ಲ. ಪಕ್ಕದವಳ ನೋಟ್‌ಬುಕ್ಕು ನೋಡಿ ಬರೆದುಕೊಳ್ಳುತ್ತಿದ್ದೆ, ಎಲ್ಲರೂ ಹಾಗೇ ಮಾಡುತ್ತಾರೆ ಎಂದುಕೊಂಡಿದ್ದೆ. ಅಕ್ಕನ ಕಣ್ಣನ್ನು ಮನೆಯವರು ಹಿಂದೆಯೇ ತೋರಿಸಿದ್ದರು, ಅವಳು ತುಂಬಾ ಓದುತ್ತಾಳೆಂದು. ತಮ್ಮನದನ್ನೂ ತೋರಿಸಿದ್ದರು, ಒಂದು ಸಲ ಕಣ್ಣುಜ್ಜಿದ್ದಕ್ಕೆ. ನನಗೆ ನೂರಕ್ಕೆ ಅರವತ್ತರ ಹತ್ತಿರ ಅಂಕ ಬರುತ್ತಿತ್ತು. ಹೊಗಳುವಷ್ಟಲ್ಲ, ಗಾಬರಿಯಾಗುವಷ್ಟೂ ಅಲ್ಲ. ಹೀಗೆ ಗಾಬರಿ ಹುಟ್ಟಿಸದ ಮಗುವಿನ ತೊಂದರೆ ಬಹಳ ದಿನ ಹಾಗೇ ಉಳಿದುಬಿಡುತ್ತದೆ. ಕನ್ನಡಕ ಬಂದ ರಾತ್ರಿ ಮಹಡಿ ಹತ್ತಿ ಚಾಮುಂಡಿಬೆಟ್ಟದ ದೀಪಗಳನ್ನು ನೋಡಿದೆ. ಅದುವರೆಗೆ ಅದು ಒಂದು ಮಸುಕು ಬೆಳಕಿನ ಗುಡ್ಡೆಯಾಗಿತ್ತು. ಅಂದು ಪ್ರತಿಯೊಂದು ದೀಪವೂ ಬೇರೆಬೇರೆಯಾಗಿ ಕಂಡಿತು.

ನಾನು ಮುಂದೆ ಹೈಸ್ಕೂಲಿನಲ್ಲಿ ಗಣಿತದ ಮೇಡಂ ಆದೆ. ಅಪ್ಪ ಅಮ್ಮ ಇಬ್ಬರೂ ಭೇದ ಮಾಡಿದವರಲ್ಲ. ಅಮ್ಮ ಒಬ್ಬಟ್ಟನ್ನು ಮೂರು ಪಾಲು ಮಾಡಿದರೆ ಮೂರೂ ಸಮ ಇರುತ್ತಿದ್ದವು. ಹಾಗಿದ್ದೂ ನಾನು ಹೇಗೆ ಕಾಣದೆ ಹೋದೆ? ಈ ಪ್ರಶ್ನೆ ಬಹಳ ಕಾಲ ಮನಸ್ಸಿನಲ್ಲಿತ್ತು. ಉತ್ತರ ಸಿಕ್ಕಿದ್ದು ಲೆಕ್ಕದಲ್ಲೇ. ರಾಲ್ಫ್ ಹೆರ್ಟ್‌ವಿಗ್ ಎಂಬ ಮನಶ್ಶಾಸ್ತ್ರಜ್ಞರು ತಮ್ಮ ಸಂಗಡಿಗರೊಂದಿಗೆ 2002ರಲ್ಲಿ ಈ ವಿಚಾರವನ್ನು ಬರೆದರು. ಪ್ರತಿ ಹೊತ್ತಿನಲ್ಲೂ ಸಮಪಾಲು ಮಾಡಿದರೂ ಒಟ್ಟು ಮೊತ್ತ ಸಮವಾಗುವುದಿಲ್ಲ, ಮಧ್ಯದವರಿಗೆ ಕಡಿಮೆಯಾಗುತ್ತದೆ ಎಂಬುದು ಅದರ ಸಾರ. ನಮ್ಮ ಮನೆಯನ್ನೇ ಇಟ್ಟುಕೊಂಡು ಅದನ್ನು ಬಿಡಿಸೋಣ. ಮಕ್ಕಳೇ, ಪೆನ್ಸಿಲ್ ಹಿಡಿಯಿರಿ.

ಅಪ್ಪ ಅಮ್ಮ ತಮ್ಮ ಗಮನವನ್ನೆಲ್ಲ ಸೇರಿಸಿ ವರ್ಷಕ್ಕೊಂದು ದೊಡ್ಡ ಒಬ್ಬಟ್ಟು ಮಾಡುತ್ತಾರೆ ಎಂದುಕೊಳ್ಳಿ. ಆ ವರ್ಷ ಮನೆಯಲ್ಲಿ ಎಷ್ಟು ಮಕ್ಕಳಿದ್ದಾರೋ ಅಷ್ಟು ಸಮಪಾಲು. ಮಕ್ಕಳ ನಡುವೆ ಮೂರು ಮೂರು ವರ್ಷ ಅಂತರ. ಹದಿನೆಂಟು ತುಂಬಿದವರು ಓದಿಗೋ ಕೆಲಸಕ್ಕೋ ಮನೆ ಬಿಟ್ಟು ಹೋಗುತ್ತಾರೆ.

ಮೊದಲ 3 ವರ್ಷ ಮನೆಯಲ್ಲಿ ಅಕ್ಕ ಒಬ್ಬಳೇ. ಅವಳಿಗೆ 3 ಇಡೀ ಒಬ್ಬಟ್ಟು. ಆಮೇಲೆ ನಾನು ಹುಟ್ಟಿದೆ. ಮುಂದಿನ 3 ವರ್ಷದ ಒಬ್ಬಟ್ಟು ಇಬ್ಬರಿಗೂ ಅರ್ಧರ್ಧ, ಅಂದರೆ ಒಂದೂವರೆ ಒಂದೂವರೆ. ಆಮೇಲೆ ತಮ್ಮ ಹುಟ್ಟಿದ. ಮುಂದಿನ 12 ವರ್ಷ ಮೂವರೂ ಮನೆಯಲ್ಲಿ. 12 ಒಬ್ಬಟ್ಟು ಮೂರು ಪಾಲಾದರೆ ತಲೆಗೆ 4. ಈಗ ಅಕ್ಕನಿಗೆ ಹದಿನೆಂಟು, ಅವಳು ಹಾಸ್ಟೆಲಿಗೆ ಹೊರಟಳು. ಮುಂದಿನ 3 ವರ್ಷ ನಾನು ಮತ್ತು ತಮ್ಮ, ಒಂದೂವರೆ ಒಂದೂವರೆ. ಆಮೇಲೆ ನಾನು ಹೊರಟೆ. ಕೊನೆಯ 3 ವರ್ಷ ತಮ್ಮ ಒಬ್ಬನೇ, ಅವನಿಗೆ 3 ಇಡೀ ಒಬ್ಬಟ್ಟು.

ಕೂಡಿಸಿ. ಅಕ್ಕನಿಗೆ ಮೂರು, ಒಂದೂವರೆ, ನಾಲ್ಕು ಸೇರಿ ಎಂಟೂವರೆ. ತಮ್ಮನಿಗೆ ನಾಲ್ಕು, ಒಂದೂವರೆ, ಮೂರು ಸೇರಿ ಎಂಟೂವರೆ. ನನಗೆ ಒಂದೂವರೆ, ನಾಲ್ಕು, ಒಂದೂವರೆ ಸೇರಿ ಏಳು. ಒಟ್ಟು 24 ಒಬ್ಬಟ್ಟು, ಲೆಕ್ಕ ಸರಿಯಾಗಿದೆ. ಒಂದು ದಿನವೂ ಯಾರೂ ಮೋಸ ಮಾಡಿಲ್ಲ. ಆದರೂ ನನಗೆ ಒಂದೂವರೆ ಕಡಿಮೆ.

ಒಂದೂವರೆ ಕಡಿಮೆಯಾದದ್ದು ದೊಡ್ಡ ವಿಷಯವಲ್ಲ. ಇನ್ನೊಂದು ಸಲ ಪಟ್ಟಿ ನೋಡಿ. ಅಕ್ಕನ ತಟ್ಟೆಗೆ ಇಡೀ ಒಬ್ಬಟ್ಟು ಮೂರು ಸಲ ಬಂತು. ತಮ್ಮನ ತಟ್ಟೆಗೂ ಮೂರು ಸಲ. ನನ್ನ ತಟ್ಟೆಗೆ ಒಂದು ಸಲವೂ ಬರಲಿಲ್ಲ. ಹುಟ್ಟಿದ ದಿನದಿಂದ ಮನೆ ಬಿಡುವ ದಿನದವರೆಗೆ ಅಪ್ಪ ಅಮ್ಮ ನನಗೊಬ್ಬಳಿಗೇ ಇದ್ದ ಒಂದು ವರ್ಷವೂ ಇಲ್ಲ. ಮಧ್ಯದ ಮಗುವಿಗೆ ಆಗುವ ಸಂಕಟದ ಬೇರು ಇಲ್ಲಿದೆ ಎಂದು ನನಗೆ ತೋರುತ್ತದೆ. ತೂಕ ಕಡಿಮೆಯಾಗಿದ್ದಕ್ಕಿಂತ, ಯಾವಾಗಲೂ ಮುರಿದ ತುಂಡೇ ಸಿಗುವುದು ಅದಕ್ಕೆ ಹೆಚ್ಚು ನೋಯುತ್ತದೆ.

ಈ ಲೆಕ್ಕಕ್ಕೆ ಮಿತಿಗಳಿವೆ. ಮಕ್ಕಳ ನಡುವೆ ಅಂತರ ಬೇರೆಯಾದರೆ ಉತ್ತರ ಬದಲಾಗುತ್ತದೆ. ಕೂಸಿಗೆ ಬೇಕಾದ ಗಮನ ಬೇರೆ, ಹದಿನಾರರ ಹುಡುಗನಿಗೆ ಬೇಕಾದದ್ದು ಬೇರೆ. ಮನೆಯಲ್ಲಿ ಅಜ್ಜ ಅಜ್ಜಿ, ಚಿಕ್ಕಮ್ಮ, ಅತ್ತೆ ಇದ್ದರೆ ಒಬ್ಬಟ್ಟು ಮಾಡುವ ಕೈಗಳೇ ಹೆಚ್ಚು. ಇನ್ನೊಂದು ಮಾತು. ಮಧ್ಯದವರು ಹುಟ್ಟಾ ಹೊಂದಿಕೊಳ್ಳುವವರು, ದೊಡ್ಡವರು ಹುಟ್ಟಾ ಜವಾಬ್ದಾರರು ಎಂದೆಲ್ಲ ಹೇಳುವುದುಂಟು. 2015ರಲ್ಲಿ ಜರ್ಮನಿಯ ಸಂಶೋಧಕರು ಅಮೆರಿಕ, ಬ್ರಿಟನ್, ಜರ್ಮನಿಗಳ 20 ಸಾವಿರಕ್ಕೂ ಹೆಚ್ಚು ಜನರ ವಿವರಗಳನ್ನು ನೋಡಿದಾಗ, ಹುಟ್ಟಿದ ಕ್ರಮಕ್ಕೂ ಇಂಥ ಸ್ವಭಾವಗಳಿಗೂ ಹೇಳಿಕೊಳ್ಳುವಂಥ ನಂಟು ಕಾಣಲಿಲ್ಲ. ಆದ್ದರಿಂದ ‘ಇವಳು ಮಧ್ಯದವಳು, ಸುಮ್ಮನಿರುವುದೇ ಇವಳ ಸ್ವಭಾವ’ ಎಂದು ತೀರ್ಮಾನಿಸುವುದು ಸರಿಯಲ್ಲ. ಅದು ಸ್ವಭಾವವಲ್ಲದೆ ಅಭ್ಯಾಸವೂ ಆಗಿರಬಹುದು. ಕೇಳಿದರೂ ಸಿಗುವುದಿಲ್ಲ ಎಂದು ಗೊತ್ತಾದ ಮೇಲೆ ಮಗು ಕೇಳುವುದನ್ನು ಬಿಡುತ್ತದೆ.

ಇದು ಹೊಸ ಕಾಲದ ಕಥೆ ಎಂದುಕೊಳ್ಳಬೇಡಿ. ಭಾಸನೆಂಬ ಸಂಸ್ಕೃತ ಕವಿಯ ‘ಮಧ್ಯಮ ವ್ಯಾಯೋಗ’ ಎಂಬ ಪುಟ್ಟ ನಾಟಕವಿದೆ. ಒಬ್ಬ ಬಡ ಬ್ರಾಹ್ಮಣ ಹೆಂಡತಿ ಮತ್ತು ಮೂವರು ಗಂಡುಮಕ್ಕಳ ಜೊತೆ ಕಾಡಿನಲ್ಲಿ ಹೋಗುತ್ತಿರುತ್ತಾನೆ. ಘಟೋತ್ಕಚ ಅಡ್ಡ ಬರುತ್ತಾನೆ. ತಾಯಿ ಹಿಡಿಂಬೆಯ ಉಪವಾಸ ಮುರಿಯಲು ಒಬ್ಬ ಮನುಷ್ಯ ಬೇಕು, ಒಬ್ಬನನ್ನು ಕೊಟ್ಟರೆ ಉಳಿದವರನ್ನು ಬಿಡುತ್ತೇನೆ ಎನ್ನುತ್ತಾನೆ. ಮೂವರು ಮಕ್ಕಳೂ ನಾನು ಹೋಗುತ್ತೇನೆ, ನಾನು ಹೋಗುತ್ತೇನೆ ಎಂದು ಮುಂದೆ ಬರುತ್ತಾರೆ. ತಂದೆ ದೊಡ್ಡ ಮಗನನ್ನು ಬಿಡಲಾರೆ ಎನ್ನುತ್ತಾನೆ. ತಾಯಿ ಚಿಕ್ಕವನನ್ನು ಬಿಡಲಾರೆ ಎನ್ನುತ್ತಾಳೆ. ಮಧ್ಯದವನು ಹಾಗಾದರೆ ತಾನು ಯಾರಿಗೆ ಬೇಕಾದವನು ಎಂದು ಕೇಳುತ್ತಾನೆ. ಅದಕ್ಕೆ ಉತ್ತರ ಬರುವುದು ಘಟೋತ್ಕಚನಿಂದ: ನನಗೆ ಬೇಕು ಎಂದು!

ನೀರು ಕುಡಿದು ಬರುತ್ತೇನೆಂದು ಆ ಹುಡುಗ ಕೊಳಕ್ಕೆ ಹೋಗುತ್ತಾನೆ. ತಡವಾದಾಗ ಅವನ ಹೆಸರೇನೆಂದು ಘಟೋತ್ಕಚ ಕೇಳಿದರೆ ಸಿಗುವುದು ‘ಮಧ್ಯಮ’ ಎಂಬ ಉತ್ತರ. ಗಟ್ಟಿಯಾಗಿ ಆ ಹೆಸರು ಹಿಡಿದು ಕೂಗುತ್ತಾನೆ. ಕೂಗು ಕೇಳಿ ಓಡಿಬರುವವನು ಯಾರು ಗೊತ್ತೇ? ಭೀಮಸೇನ. ಕುಂತಿಯ ಮೂವರು ಮಕ್ಕಳಲ್ಲಿ ಮೇಲೆ ಧರ್ಮರಾಯ, ಕೆಳಗೆ ಅರ್ಜುನ. ಭೀಮನೂ ಮಧ್ಯದವನೇ. ಹುಡುಗನ ಬದಲು ತಾನು ಬರುತ್ತೇನೆಂದು ಹೊರಟ ಭೀಮನನ್ನು ಹಿಡಿಂಬೆ ಗುರುತಿಸಿ ಘಟೋತ್ಕಚನಿಗೆ ಇವರೇ ನಿನ್ನ ತಂದೆ ಎನ್ನುತ್ತಾಳೆ. ನಾಟಕ ಸಂತೋಷವಾಗಿ ಮುಗಿಯುತ್ತದೆ.

ನನ್ನ ಮನಸ್ಸು ನಿಲ್ಲುವುದು ಮಾತ್ರ ಆ ಹುಡುಗನ ಪ್ರಶ್ನೆಯ ಹತ್ತಿರ. ತಂದೆ ತಾಯಿ ಅವನನ್ನು ದ್ವೇಷಿಸಲಿಲ್ಲ. ಇಬ್ಬರಿಗೂ ಎರಡೆರಡೇ ಕೈ, ಒಬ್ಬರು ಒಂದು ತುದಿ ಹಿಡಿದರು, ಇನ್ನೊಬ್ಬರು ಇನ್ನೊಂದು ತುದಿ. ಹಾಗೆ ಬಿಟ್ಟುಹೋದ ಮಗುವಿನ ಕಡೆ ಮೂರನೆಯ ಹಿರಿಯರೊಬ್ಬರು ನೋಡಬೇಕು. ಅಜ್ಜ ಅಜ್ಜಿಯರೇ, ಆ ಜಾಗ ನಿಮ್ಮದು.

ನಿಮ್ಮ ಮನೆಯಲ್ಲಿ ಮೂವರು ಮೊಮ್ಮಕ್ಕಳಿದ್ದರೆ ಒಂದು ಕಾಗದದ ಮೇಲೆ ಮೂರು ಸಾಲು ಎಳೆದು ಪ್ರತಿ ಮಗುವಿಗೂ ನಾಲ್ಕು ಉತ್ತರ ಬರೆಯಿರಿ. ಶಾಲೆಯಲ್ಲಿ ಅದರ ಪಕ್ಕ ಕೂರುವವರ ಹೆಸರೇನು? ಈಗ ಯಾವ ಪಾಠ ಅದಕ್ಕೆ ಅರ್ಥವಾಗುತ್ತಿಲ್ಲ? ಈ ವಾರ ಯಾವುದಕ್ಕೆ ಬೇಜಾರು ಮಾಡಿಕೊಂಡಿತು? ನೀವು ಮತ್ತು ಅದು, ಇಬ್ಬರೇ ಕೂತು ಮಾತಾಡಿದ್ದು ಯಾವಾಗ? ಯಾರನ್ನೂ ಕೇಳದೆ ಬರೆಯಿರಿ. ಯಾವ ಸಾಲು ಖಾಲಿ ಉಳಿಯಿತೋ ಆ ಮಗು ನಿಮ್ಮ ಕಣ್ಣಿಗೆ ಬೀಳುತ್ತಿಲ್ಲ ಎಂದು ಅರ್ಥ. ಅದು ಮಧ್ಯದ್ದೇ ಆಗಿರಬೇಕೆಂದಿಲ್ಲ. ಸದಾ ಗೆಲ್ಲುವ ದೊಡ್ಡ ಮಗುವಿನ ಭಯವೂ ಎಷ್ಟೋ ಸಲ ಯಾರಿಗೂ ಗೊತ್ತಿರುವುದಿಲ್ಲ.

ಖಾಲಿ ಸಾಲಿಗೆ ಔಷಧಿ ದೊಡ್ಡ ಉಡುಗೊರೆಯಲ್ಲ. ಒಂದು ಪುಟ್ಟ ಇಡೀ ಒಬ್ಬಟ್ಟು. ವಾರಕ್ಕೊಂದು ಗೊತ್ತಾದ ದಿನ, ಅರ್ಧ ಗಂಟೆ, ಆ ಮಗು ಮತ್ತು ನೀವು ಮಾತ್ರ. ಎದುರಿಗೆ ಕೂರಿಸಿ ‘ಏನಾದರೂ ಹೇಳು’ ಎಂದರೆ ಬಾಯಿ ಬಿಡುವುದಿಲ್ಲ. ಜೊತೆಯಲ್ಲಿ ನಡೆಯುತ್ತಲೋ, ಅವರೆಕಾಯಿ ಸುಲಿಯುತ್ತಲೋ ಇದ್ದರೆ ಮಾತು ತಾನೇ ಬರುತ್ತದೆ. ಅಕ್ಕನ ಅಂಕ, ತಮ್ಮನ ತುಂಟತನ ಆ ಅರ್ಧ ಗಂಟೆಯಲ್ಲಿ ಬೇಡ. ಬುದ್ಧಿಮಾತೂ ಬೇಡ. ನಮ್ಮಜ್ಜಿ ನನಗೆ ಯಾವ ಬುದ್ಧಿಯನ್ನೂ ಹೇಳಲಿಲ್ಲ, ಗಂಟೆ ಎಷ್ಟೆಂದು ಕೇಳಿದಳು. ಹಾಗಿದ್ದೂ ಮಗು ವಾರಗಟ್ಟಲೆ ಮಂಕಾಗಿ, ಊಟ ನಿದ್ದೆ ಬಿಟ್ಟಿದ್ದರೆ ನಡಿಗೆ ಸಾಲದು, ಶಾಲೆಯ ಮೇಷ್ಟರನ್ನೂ ಡಾಕ್ಟರನ್ನೂ ಕಾಣಬೇಕು.

ಮಧ್ಯದ ಮಕ್ಕಳೇ, ನಿಮಗೂ ಒಂದು ಮಾತು. ‘ನನ್ನನ್ನು ಕಂಡರೆ ಯಾರಿಗೂ ಆಗಲ್ಲ’ ಎಂದರೆ ದೊಡ್ಡವರು ‘ಛೇ, ಹಾಗೆಲ್ಲ ಇಲ್ಲ’ ಎಂದು ಮಾತು ಮುಗಿಸಿಬಿಡುತ್ತಾರೆ. ಅದರ ಬದಲು ಸಣ್ಣದಾದ, ಖಚಿತವಾದ ಒಂದನ್ನು ಕೇಳಿ. ‘ಅಮ್ಮ, ನಾಳೆ ಅಂಗಡಿಗೆ ನನ್ನೊಬ್ಬಳನ್ನೇ ಕರಕೊಂಡು ಹೋಗು’ ಎಂದರೆ ಇಲ್ಲ ಎನ್ನುವ ಅಮ್ಮ ಕಡಿಮೆ. ಬೋರ್ಡು ಕಾಣದಿದ್ದರೆ, ಹೊಟ್ಟೆ ನೋಯುತ್ತಿದ್ದರೆ, ಯಾರಾದರೂ ಹೆದರಿಸುತ್ತಿದ್ದರೆ ಮಾತ್ರ ಕೇಳುವ ತನಕ ಕಾಯಬೇಡಿ. ಅಂದೇ ಹೇಳಿ.

ನನಗೀಗ ಮೂವರು ಮೊಮ್ಮಕ್ಕಳು. ಮಧ್ಯದವನಿಗೆ ಒಂಬತ್ತು ವರ್ಷ. ಬುಧವಾರ ಸಂಜೆ ಅವನೂ ನಾನೂ ಸೊಪ್ಪು ತರಲು ಹೋಗುತ್ತೇವೆ. ಮೊದಲ ಎರಡು ವಾರ ಅವನು ಚೀಲ ಬೀಸುತ್ತಾ ಸುಮ್ಮನೆ ಬಂದ. ಮೂರನೆಯ ವಾರ, ಶಾಲೆಯ ವ್ಯಾನಿನಲ್ಲಿ ದೊಡ್ಡ ಹುಡುಗರಿಬ್ಬರು ದಿನಾ ತನ್ನ ಸೀಟು ಕಿತ್ತುಕೊಳ್ಳುತ್ತಾರೆಂದೂ, ಜೂನ್ ತಿಂಗಳಿಂದ ತಾನು ನಿಂತೇ ಹೋಗುತ್ತಿರುವುದೆಂದೂ ಹೇಳಿದ. ಆಗ ಸೆಪ್ಟೆಂಬರ್. ವ್ಯಾನಿನವರ ಹತ್ತಿರ ಅವರಪ್ಪ ಮಾತಾಡಿದ ಮೇಲೆ ಸೀಟು ಸಿಕ್ಕಿತು. ಬುಧವಾರ ಮಾತ್ರ ನಿಲ್ಲಲಿಲ್ಲ. ಮೊನ್ನೆ ಸೊಪ್ಪು ತೆಗೆದುಕೊಂಡು ಮನೆಯ ತಿರುವಿಗೆ ಬಂದಾಗ ಅವನು ನನ್ನ ಸೆರಗು ಹಿಡಿದು ನಿಲ್ಲಿಸಿದ. “ಅಜ್ಜಿ, ಇವತ್ತು ಸ್ವಲ್ಪ ಸುತ್ತು ದಾರೀಲಿ ಹೋಗೋಣ್ವಾ?” ಎಂದ.